ಸಾಕು ಎಂದವನ ತಟ್ಟೆ

ಕ್ರೇನಣ್ಣ ಬಿದ್ದದ್ದು ಅಟ್ಟದಿಂದಲ್ಲ, ಏಣಿಯಿಂದಲೂ ಅಲ್ಲ. ಮೊಳದೆತ್ತರದ ಒಂದು ಸ್ಟೂಲಿನಿಂದ. ತಮ್ಮನ ಹೊಲಿಗೆ ಅಂಗಡಿಯಲ್ಲಿ ಇಸ್ತ್ರಿ ಮುಗಿಸಿ, ಮಡಿಸಿದ ಅಂಗಿಗಳನ್ನು ಕಪಾಟಿಗೆ ಸೇರಿಸಲೆಂದು ಎರಡೂ ಕೈಗಳನ್ನು ತೊಡೆಯ ಮೇಲೆ ಊರಿ ಮೇಲೇಳಲು ಹೋದ. ಅರ್ಧ ಎದ್ದ. ಅಷ್ಟರಲ್ಲಿ ಕಾಲುಗಳು ನಮ್ಮಿಂದಾಗದು ಎಂದು ಕೈಚೆಲ್ಲಿದವು. ಮಗ್ಗುಲಾಗಿ ನೆಲಕ್ಕೆ ಬಿದ್ದವನ ಸೊಂಟದ ಕೀಲು ಒಣಕಡ್ಡಿಯ ಹಾಗೆ ಮುರಿಯಿತು. ಹೊಲಿಗೆ ಯಂತ್ರ ತುಳಿಯುತ್ತಿದ್ದ ದರ್ಜಿಗೆ, ಅಂದರೆ ತಮ್ಮನಿಗೆ, ಆ ಸದ್ದು ಕೇಳಿಸಿತು. ಸೂಜಿ ಮುರಿಯಿತೇನೋ ಎಂದು ಮೊದಲು ಅವನು ಸೂಜಿಯನ್ನೇ ನೋಡಿದ.

ಕ್ರೇನಣ್ಣ ಎಂಬುದು ಗೋದಾಮಿನ ಜೊತೆಯವರು ಇಟ್ಟ ಹೆಸರು. ನಲವತ್ತು ವರ್ಷ ಅವನು ಅಲ್ಲಿ ಮೂಟೆ ಹೊತ್ತವನು. ಇಬ್ಬರು ಹೊರುವ ಕಬ್ಬಿಣದ ಬೀರುವನ್ನು ಒಬ್ಬನೇ ಬೆನ್ನಿಗೇರಿಸಿಕೊಂಡು ಮಹಡಿ ಹತ್ತಿಸಿದ ದಿನ ಆ ಹೆಸರು ಅಂಟಿತು. ದರ್ಜಿಯ ಮೊದಲ ಹೊಲಿಗೆ ಯಂತ್ರವೂ ಅಂಗಡಿಗೆ ಬಂದದ್ದು ಅವನ ಹೆಗಲ ಮೇಲೆಯೇ. ಅಪ್ಪ ಬೇಗ ಹೋದದ್ದರಿಂದ ತಮ್ಮನನ್ನು ಸಾಕಿ, ಕಸುಬು ಕಲಿಸಿ, ಮದುವೆ ಮಾಡಿಸಿದವನು ಅವನು. ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ, ಐದು ವರ್ಷದ ಹಿಂದೆ, ಒಂದು ಪೆಟ್ಟಿಗೆ ಹಿಡಿದುಕೊಂಡು ತಮ್ಮನ ಮನೆಗೆ ಬಂದಿದ್ದ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹನ್ನೆರಡು ಮೆಟ್ಟಿಲು. ಈಗ ಅವನಿಗೆ ಎಪ್ಪತ್ತನಾಲ್ಕು, ದರ್ಜಿಗೆ ಅರವತ್ತೇಳು.

ಆಸ್ಪತ್ರೆಯಲ್ಲಿ ಮರುದಿನವೇ ಶಸ್ತ್ರಚಿಕಿತ್ಸೆ ಆಯಿತು. ಅದರ ಮರುದಿನ ವ್ಯಾಯಾಮದ ಮಾಸ್ತರು ಬಂದು, ಊರಿಕೊಂಡು ನಡೆಯುವ ಕಬ್ಬಿಣದ ಚೌಕಟ್ಟು ಹಿಡಿಸಿ ಎಬ್ಬಿಸಿ ನಿಲ್ಲಿಸಿದರು. ಮುರಿದ ಕಾಲು ಹೇಗೋ ತಡೆಯಿತು. ಮುರಿಯದ ಕಾಲೇ ಗಡಗಡ ನಡುಗಿತು. "ಮೂಳೆ ಕೂಡಿಸೋದು ಡಾಕ್ಟ್ರ ಕೆಲಸ, ಅದಾಯ್ತು. ಆದ್ರೆ ಈ ಕಾಲಲ್ಲಿ ಮಾಂಸವೇ ಇಲ್ವಲ್ಲ, ನಾನು ಯಾವುದಕ್ಕೆ ವ್ಯಾಯಾಮ ಮಾಡಿಸ್ಲಿ?" ಎಂದು ಮಾಸ್ತರು ಗೊಣಗಿ, ವಾರ್ಡಿನವರೆಲ್ಲ 'ಊಟದ ಮೇಡಂ' ಎಂದು ಕರೆಯುತ್ತಿದ್ದ ಆಹಾರ ತಜ್ಞೆಯನ್ನು ಕಳಿಸಿದರು.

ಮೂವತ್ತರ ಆಸುಪಾಸಿನ ಹೆಂಗಸು. ಕೊರಳಲ್ಲಿ ಕನ್ನಡಕ, ಜೇಬಿನಲ್ಲಿ ಟೇಪು. ಹಾಸಿಗೆಯ ಆಚೆ ದರ್ಜಿ, ಈಚೆ ಅವನ ಹೆಂಡತಿ ನಿಂತಿದ್ದರು. ಮೇಡಂ ಹೊದಿಕೆ ಸರಿಸಿ ಕ್ರೇನಣ್ಣನ ಮೀನಖಂಡದ ಸುತ್ತ ಟೇಪು ಸುತ್ತಿದಳು. ಅವಳು ಕನ್ನಡಕ ಏರಿಸಿಕೊಳ್ಳುವ ಮೊದಲೇ ದರ್ಜಿಯ ಬಾಯಿಂದ ಬಂತು:

"ಹನ್ನೊಂದೂವರೆ ಇಂಚು."

ಅವಳು ಟೇಪು ನೋಡಿದಳು. ಆಮೇಲೆ ಅವನನ್ನು ನೋಡಿದಳು. "ಹೌದು, ಇಪ್ಪತ್ತೊಂಬತ್ತು ಸೆಂಟಿಮೀಟರ್. ಮೂವತ್ತೊಂದರ ಕೆಳಗೆ ಬಂದ್ರೇನೇ ನಮಗೆ ಎದೆ ಧಸಕ್ ಅನ್ನುತ್ತೆ. ನೋಡದೆ ಹೇಗೆ ಹೇಳಿದ್ರಿ?"

"ನಾನು ದರ್ಜಿ, ಮೇಡಂ. ಇವನ ಪ್ಯಾಂಟು ಹೊಲಿಯೋನು ನಾನೇ."

"ಮೊದಲು ಎಷ್ಟಿತ್ತು?"

"ಬಂದಾಗ ಹದಿನಾಲ್ಕು. ಆಮೇಲೆ ಹದಿಮೂರು. ಹೋದ ವರ್ಷ ಹನ್ನೆರಡು."

ಮಾತು ಮುಗಿದ ಮೇಲೆ ದರ್ಜಿಗೆ ತಾನು ಹೇಳಿದ್ದು ಏನೆಂದು ತಿಳಿಯಿತು. ಐದು ವರ್ಷದಲ್ಲಿ ಏಳು ಸಲ ಅಣ್ಣನ ಪ್ಯಾಂಟಿನ ಸೊಂಟ ಹಿಡಿಸಿ ಬಿಗಿ ಮಾಡಿದ್ದ, ನಾಲ್ಕು ಸಲ ತೊಡೆಯ ಹೊಲಿಗೆ ಒಳಕ್ಕೆ ತಂದಿದ್ದ. ಹಿಡಿಸುವಾಗಲೆಲ್ಲ, "ಅಣ್ಣಾ, ಮದುವೆ ಗಂಡಿನ ಹಾಗೆ ಸಣ್ಣಗಾಗ್ತಿದ್ದೀಯಲ್ಲೋ" ಎಂದು ನಗೆಯಾಡಿದ್ದ. ಲೋಕದ ಮೈಯ ಅಳತೆಯೆಲ್ಲ ಬೆರಳ ತುದಿಯಲ್ಲಿದ್ದವನಿಗೆ ಮನೆಯ ಮೈ ಕರಗುತ್ತಿರುವುದು ಬಟ್ಟೆಯ ತೊಂದರೆಯಾಗಿ ಮಾತ್ರ ಕಂಡಿತ್ತು.

ಮೇಡಂ ಕ್ರೇನಣ್ಣನ ಪಕ್ಕ ಕುಳಿತಳು. "ತಾತ, ಮನೇಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂತೀರಿ? ನಾಚ್ಕೋಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ."

"ಬೆಳಿಗ್ಗೆ ಟೀಯಲ್ಲಿ ಎರಡು ತುಂಡು ಬ್ರೆಡ್ಡು ಅದ್ದಿ ತಿಂತೀನಿ. ಮಧ್ಯಾಹ್ನ ಒಂದು ಹಿಡಿ ಅನ್ನ, ತಿಳಿ ಸಾರು. ಸಂಜೆ ಟೀ, ಬಿಸ್ಕತ್ತು. ರಾತ್ರಿ ಗಂಜಿ. ಅಷ್ಟರಲ್ಲೇ ಹೊಟ್ಟೆ ತುಂಬಿಹೋಗುತ್ತಮ್ಮಾ. ಹಸಿವೇ ಇಲ್ಲ."

"ಮೊಟ್ಟೆ? ಮೀನು, ಕೋಳಿ? ಮೊಸರು?"

"ಹಲ್ಲಿನ ಸೆಟ್ಟು ಸಡಿಲ ಆಗಿದೆ, ಅಗಿಯೋಕಾಗಲ್ಲ. ಮೊಟ್ಟೆ ಮನೆಯವರಿಗಿರಲಿ ಅಂತ…"

"ಭಾವ ತುಂಬಾ ಮಿತ ಮೇಡಂ," ದರ್ಜಿಯ ಹೆಂಡತಿ ನಡುವೆ ಬಾಯಿ ಹಾಕಿದಳು. "ಈ ವಯಸ್ಸಿಗೆ ಹಗುರವಾಗಿ ತಿಂದ್ರೇನೇ ಒಳ್ಳೇದಲ್ವಾ? ಎಲ್ಲರಿಗೂ ನಾನು ಭಾವನ್ನೇ ತೋರಿಸಿ ಹೇಳೋದು."

ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. "ಹೊಟ್ಟೆ ಹಗುರವಾಗಿರಲಿ ಅಮ್ಮಾ, ಆದ್ರೆ ತಟ್ಟೆ ಬರಿದಾಗಬಾರದು. ಮನೇಲಿ ಸೌದೆ ಮುಗಿದ್ರೆ ಜನ ಬಾಗಿಲು ಮುರಿದು ಒಲೆಗೆ ಹಾಕ್ತಾರಲ್ಲ, ಹಾಗೆ. ಊಟದಲ್ಲಿ ಸಿಗದಿದ್ರೆ ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ಉರಿಸುತ್ತೆ. ಪ್ರಾಯದವರು ಸ್ವಲ್ಪ ಪ್ರೋಟೀನ್ ತಿಂದ್ರೂ ಮೈ ಅದನ್ನ ಹಿಡಿದು ಮಾಂಸ ಕಟ್ಟುತ್ತೆ. ಅರವತ್ತೈದು ದಾಟಿದ ಮೇಲೆ ಅಷ್ಟೇ ಕೆಲಸಕ್ಕೆ ಜಾಸ್ತಿ ಬೇಕು. ನಾವು ಮಾಡೋದು ತಿರುಗಾಮುರುಗಾ, ವಯಸ್ಸಾಯ್ತು ಅಂತ ಮೊದಲು ಕಡಿಮೆ ಮಾಡೋದೇ ಅದನ್ನ."

"ಹಸಿವೇ ಆಗಲ್ವಲ್ಲಮ್ಮ," ಎಂದ ಕ್ರೇನಣ್ಣ.

"ಹಸಿವು ನೆಂಟರ ಹಾಗೆ ತಾತ. ಕರೆಯೋದು ಬಿಟ್ರೆ ಬರೋದೂ ಬಿಡುತ್ತೆ."

ಆಮೇಲೆ ಅವಳು ದರ್ಜಿಗೆ ಬಿಡಿಸಿ ಹೇಳಿದಳು. ಐವತ್ತಾರು ಕಿಲೋ ತೂಗುವ, ಆಪರೇಷನ್ ಆದ ಮುದುಕನಿಗೆ ದಿನಕ್ಕೆ ಎಪ್ಪತ್ತು ಗ್ರಾಂ ಹತ್ತಿರ ಪ್ರೋಟೀನ್ ಬೇಕು. ಈಗ ಹೋಗುತ್ತಿರುವುದು ಅದರ ಅರ್ಧವೂ ಇಲ್ಲ. ಒಂದು ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಿನಲ್ಲಿ ಏಳೆಂಟು, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಸುಮಾರು ಅಷ್ಟೇ, ಅಂಗೈಯಗಲದ ಮೀನು ಅಥವಾ ಕೋಳಿಯಲ್ಲಿ ಇಪ್ಪತ್ತರ ಮೇಲೆ. ಎಲ್ಲವನ್ನೂ ಒಂದೇ ಹೊತ್ತಿಗೆ ತುರುಕಬಾರದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಹೊತ್ತಿಗೆ ಹಂಚಬೇಕು, ನಡುವೆ ಎರಡು ಸಲ ಚಿಕ್ಕ ತಿಂಡಿ. "ತಟ್ಟೆ ದೊಡ್ಡದು ಮಾಡಬೇಡಿ. ಗುಡ್ಡೆ ನೋಡಿದ್ರೇನೇ ಇವರಿಗೆ ಹೊಟ್ಟೆ ತುಂಬುತ್ತೆ. ಅಷ್ಟೇ ತುತ್ತು, ಆದ್ರೆ ತುತ್ತಲ್ಲಿ ಸತ್ವ ಇರಲಿ. ಗಂಜಿ ನೀರಲ್ಲಿ ಬೇಡ, ಹಾಲಲ್ಲಿ ಮಾಡಿ, ಎರಡು ಚಮಚ ಹಾಲಿನ ಪುಡಿ ಕಲಸಿ. ಸಾರಿಗೆ ಮೊಟ್ಟೆ ಒಡೆದು ಕದಡಿ. ಊಟಕ್ಕೆ ಮುಂಚೆ ಟೀ, ನೀರು ಕುಡಿಸಿ ಹೊಟ್ಟೆ ತುಂಬಿಸಬೇಡಿ. ಮೊದಲು ಬೇಳೆ, ಮೀನು; ಅನ್ನ ಆಮೇಲೆ. ಮಲಬದ್ಧತೆ ಆಗದ ಹಾಗೆ ಹಣ್ಣು, ತರಕಾರಿ, ನಡುನಡುವೆ ನೀರು. ಹಲ್ಲಿನ ಸೆಟ್ಟು ಸರಿಮಾಡಿಸಿ, ಮೈ ಇಳಿದಾಗ ವಸಡೂ ಇಳಿದಿರುತ್ತೆ. ಇವರ ಕಿಡ್ನಿ ಪರೀಕ್ಷೆ ನೋಡಿದ್ದೀನಿ, ಚೆನ್ನಾಗಿದೆ; ಕಿಡ್ನಿ ತೊಂದರೆ ಇರೋರಿಗೆ ಈ ಮಾತು ಹೇಳ್ತಿರಲಿಲ್ಲ. ಮತ್ತೆ, ತಿಂದು ಮಲಗಿದ್ರೆ ಮಾಂಸ ಕಟ್ಟಲ್ಲ. ಮಾಸ್ತರು ಹೇಳಿದ ಹಾಗೆ ದಿನಾ ಕುರ್ಚಿಯಿಂದ ಎದ್ದು ಕೂರಬೇಕು."

ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ಒಂದು ಮಾತು ಕೇಳಿದಳು: "ಇವರು ಯಾವಾಗಿನಿಂದ ಇಷ್ಟು ಕಡಿಮೆ ತಿನ್ನೋಕೆ ಶುರು ಮಾಡಿದ್ರು? ಹೆಂಡತಿ ಹೋದಾಗಿನಿಂದಲಾ?"

"ಹಾಗೇ ಇರಬೇಕು," ಎಂದ ದರ್ಜಿ.

ಅದು ಸುಳ್ಳು. ಅವನಿಗೆ ದಿನ ಸಹಿತ ಗೊತ್ತಿತ್ತು.

ಅಣ್ಣ ಮನೆಗೆ ಬಂದ ಮೊದಲ ತಿಂಗಳು. ಆಗಿನ್ನೂ ಅವನದು ಗೋದಾಮಿನ ಹೊಟ್ಟೆ. ದುಃಖದಲ್ಲಿದ್ದರೂ ಕೂತರೆ ನಾಲ್ಕು ಜನರ ಊಟ ಮಾಡಿ ಏಳುತ್ತಿದ್ದ. ಒಂದು ಮಧ್ಯಾಹ್ನ ದರ್ಜಿಯ ಹೆಂಡತಿ ಅಡುಗೆಮನೆಯಲ್ಲಿ ತನ್ನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಏನು ಹೇಳ್ಲಿ ಮಾರಾಯ್ತಿ, ಮನೆಗೆ ಕ್ರೇನು ಬಂದಿದೆ. ಡೀಸೆಲ್ ಹುಯ್ದೂ ಹುಯ್ದೂ ನನ್ನ ಕೈ ಬಿದ್ದುಹೋಯ್ತು." ಎದುರಿಗೆ ಕುಳಿತು ಊಟ ಮಾಡುತ್ತಿದ್ದ ದರ್ಜಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಅನ್ನ ನೆತ್ತಿಗೇರುವಷ್ಟು ನಕ್ಕ. ನಕ್ಕು ತಲೆ ಎತ್ತಿದರೆ, ಬಚ್ಚಲಿನ ಬಾಗಿಲಲ್ಲಿ ಅಣ್ಣ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಮುಖದಲ್ಲಿ ಏನೂ ಇರಲಿಲ್ಲ. ಬಂದು ಕುಳಿತ. ಎರಡನೆಯ ಸಲ ಬಡಿಸಲು ಬಂದಾಗ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, "ಸಾಕಮ್ಮಾ" ಎಂದ. ಆಮೇಲೆ ಐದು ವರ್ಷ ಆ ಅಂಗೈ ತಟ್ಟೆಯ ಮೇಲಿಂದ ಏಳಲಿಲ್ಲ. ಮೊದಲ ಕೆಲವು ತಿಂಗಳು ಹಸಿವಿದ್ದೂ ಸಾಕು ಎಂದಿರಬೇಕು. ಬರಬರುತ್ತ ಹಸಿವೇ ಅವನ ಮಾತು ಕೇಳತೊಡಗಿತು. ಮನೆಯವರು ಅದಕ್ಕೆ 'ಮಿತಾಹಾರ' ಎಂದು ಒಳ್ಳೆಯ ಹೆಸರಿಟ್ಟರು.

ಹತ್ತು ದಿನಕ್ಕೆ ಮನೆಗೆ ಕರೆತಂದರು. ಮೆಟ್ಟಿಲು ಹತ್ತಿಸಲಾಗದೆ, ಅಂಗಡಿಯ ಹಿಂಭಾಗದಲ್ಲಿ ಬಟ್ಟೆಯ ಥಾನುಗಳನ್ನು ಸರಿಸಿ ಅಲ್ಲೇ ಮಂಚ ಹಾಕಿದರು. ದರ್ಜಿಯ ಹೆಂಡತಿ ಸಂಜೆ ಗಂಡನೊಬ್ಬನೇ ಸಿಕ್ಕಾಗ ಸಿಡಿದಳು.

"ರೀ, ನಾನು ನಿಮ್ಮಣ್ಣನ್ನ ಉಪವಾಸ ಕೆಡವಿದೆ ಅಂತ ತಾನೇ ಆ ಹುಡುಗಿ ಹೇಳಿದ್ದು?"

"ಯಾರೇ ಹಾಗಂದ್ರು?"

"ಬಾಯಲ್ಲಿ ಅನ್ನಬೇಕಾ? ಬರೀ ತಟ್ಟೆ, ಬರೀ ತಟ್ಟೆ ಅಂದ್ಲಲ್ಲ. ವಾರ್ಡಿನವರೆಲ್ಲ ನನ್ನನ್ನೇ ನೋಡ್ತಿದ್ರು. ಐದು ವರ್ಷ ಮೂರು ಹೊತ್ತು ಮಾಡಿ ಹಾಕಿದ ಕೈ ಇದು. ಬೇಡ ಅಂದೋರ ಬಾಯಿಗೆ ತುರುಕಬೇಕಿತ್ತಾ?"

ಮರುದಿನದಿಂದ ತುರುಕಲೇ ಹೊರಟಳು. ಮೂರು ಬೇಯಿಸಿದ ಮೊಟ್ಟೆ, ಗುಡ್ಡೆ ಅನ್ನ, ಬಟ್ಟಲು ತುಂಬ ಬೇಳೆ. ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಒಟ್ಟಿ ಮಂಚದ ಪಕ್ಕ ಠಣ್ ಎಂದು ಇಡುವಳು. "ತಿನ್ನಿ ಭಾವ. ಪೂರ್ತಿ ತಿನ್ನಿ. ಇಲ್ಲಾಂದ್ರೆ ನಾಳೆ ಊರೆಲ್ಲ ನನ್ನ ಮೇಲೆ ಹೇಳ್ತಾರೆ." ಅವಳು ನಿಂತಿರುವಷ್ಟು ಹೊತ್ತು ಕ್ರೇನಣ್ಣ ಎರಡು ತುತ್ತು ತಿನ್ನುವನು, ಮೂರನೆಯದಕ್ಕೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುವನು. ಅವಳು ತಟ್ಟೆ ಎತ್ತಿಕೊಂಡು ಹೋಗುವಾಗ ಮೆಟ್ಟಿಲುಗಳೆಲ್ಲ ಅವಳ ಹೆಜ್ಜೆಯ ಸಿಟ್ಟನ್ನು ವರದಿ ಮಾಡುತ್ತಿದ್ದವು. ವಾರ ಕಳೆಯುವಷ್ಟರಲ್ಲಿ ಅವನು ಇನ್ನೂ ಒಂದು ಕಿಲೋ ಇಳಿದಿದ್ದ.

ಆಗ ದರ್ಜಿ ಒಂದು ಕೆಲಸ ಮಾಡಿದ. ಇಸ್ತ್ರಿ ಮೇಜಿನ ಮೂಲೆಯಲ್ಲಿ ಒಂದು ಚಿಕ್ಕ ಸ್ಟೌವು, ಎರಡು ಪಾತ್ರೆ, ಎರಡು ಸಣ್ಣ ತಟ್ಟೆ ತಂದಿಟ್ಟುಕೊಂಡ. ಹೆಂಡತಿಗೆ, "ನೀನು ಮೆಟ್ಟಿಲು ಹತ್ತಿ ಇಳಿದು ದಣಿಯೋದು ಬೇಡ, ಅಣ್ಣನದು ನಾನು ನೋಡ್ಕೋತೀನಿ" ಎಂದ. ಅವಳಿಗೆ ಉಪಕಾರದ ಹಾಗೆ ಹೇಳಲು ನೋಡಿದ. ಅವಳು ಅದನ್ನು ಕೆಲಸದಿಂದ ತೆಗೆದುಹಾಕಿದ ಹಾಗೆ ಕೇಳಿಸಿಕೊಂಡಳು. "ಆಗಲಿ. ನನ್ನ ಕೈಗೆ ಕೆಟ್ಟ ಹೆಸರು ಬಂದಾಯ್ತಲ್ಲ," ಎಂದು ಮೇಲೆ ಹೋದಳು.

ಅರವತ್ತೇಳು ವರ್ಷ ಒಲೆಯ ಕಡೆ ತಿರುಗಿ ನೋಡದವನ ಅಡುಗೆ. ಮೊದಲ ದಿನ ಹಾಲು ಉಕ್ಕಿ ಸ್ಟೌವು ಆರಿತು. ಎರಡನೆಯ ದಿನ ಗಂಜಿ ತಳ ಹಿಡಿದು, ಅಂಗಡಿಗೆ ಬಂದ ಗಿರಾಕಿ "ಏನು, ಕೋಟು ಸುಟ್ಟಿದ್ದೀರಾ?" ಎಂದು ಕೇಳಿದ. ಮೂರನೆಯ ದಿನದಿಂದ ಕೈ ಕೂತಿತು. ಬೆಳಿಗ್ಗೆ ಹಾಲಿನಲ್ಲಿ ಬೇಯಿಸಿದ ಗಂಜಿ. ಅದಕ್ಕೆ ಹಾಲಿನ ಪುಡಿ, ಒಂದು ಚಮಚ ಕಡಲೆಕಾಯಿ ಪುಡಿ. ಪಕ್ಕದಲ್ಲಿ ಒಂದು ಮೊಟ್ಟೆ. ಹನ್ನೊಂದಕ್ಕೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಅರ್ಧ ಬಟ್ಟಲು, ಬಾಳೆಹಣ್ಣಿನ ಚೂರು. ಮಧ್ಯಾಹ್ನ ಮುಳ್ಳು ತೆಗೆದ ಮೀನು, ಇಲ್ಲವೆ ಕೊಚ್ಚಿದ ಕೋಳಿ ಮೊದಲು, ಅನ್ನ ಆಮೇಲೆ ಎರಡು ಹಿಡಿ. ನಾಲ್ಕು ಗಂಟೆಗೆ ಬ್ರೆಡ್ಡಿನ ಮೇಲೆ ಎಣ್ಣೆ ಉಪ್ಪು ಹಾಕಿ ಹಿಸುಕಿದ ಮೊಟ್ಟೆ. ಟೀ ಬೇಕೇ ಬೇಕೆಂದರೆ ಅದಾದ ಮೇಲೆ. ರಾತ್ರಿ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ ಬೇಳೆ, ಮೆತ್ತಗೆ ಬೆಂದ ತರಕಾರಿ, ಒಂದು ಲೋಟ ಹಾಲು.

ತಟ್ಟೆ ಸಣ್ಣದು, ತುತ್ತು ಸಣ್ಣದು. ಮುಖ್ಯವಾಗಿ, ಎದುರಿಗೆ ಕುಳಿತು ಅಷ್ಟನ್ನೇ ತಾನೂ ತಿಂದ. ನಿಂತು ನೋಡಲಿಲ್ಲ, "ತಿನ್ನು" ಎನ್ನಲಿಲ್ಲ. ಕಾಜಾ, ಗುಂಡಿ, ಜಗಳಗಂಟ ಗಿರಾಕಿ, ಅಮ್ಮ ಬೈಯುತ್ತಿದ್ದ ರೀತಿ, ಏನೇನೋ ಮಾತಾಡಿದ. ಮಾತಿನ ನಡುವೆ ತಟ್ಟೆ ಬರಿದಾಗುತ್ತಿತ್ತು. ದಂತವೈದ್ಯರು ಹಲ್ಲಿನ ಸೆಟ್ಟಿನ ಒಳಗೆ ಹೊಸ ಪದರ ಕೂಡಿಸಿಕೊಟ್ಟ ದಿನ ಕ್ರೇನಣ್ಣ ಬಹಳ ವರ್ಷದ ಮೇಲೆ ಒಂದು ತುಂಡು ಕೋಳಿಯನ್ನು ಅಗಿದು, ಕಣ್ಣು ಮುಚ್ಚಿ, "ಓಹ್" ಎಂದ.

ಊಟವಾದ ಅರ್ಧ ತಾಸಿಗೆ ಕುರ್ಚಿಯ ಕೆಲಸ. ಹಿಂದೆ ಗೋಡೆಗೆ ಆನಿಸಿದ ಕುರ್ಚಿ, ಮುಂದೆ ಚೌಕಟ್ಟು. ಮೊದಲ ವಾರ ಕೈ ಊರಿ ಎರಡು ಸಲ ಎದ್ದರೆ ಏದುಸಿರು. ಮೂರನೆಯ ವಾರ ಐದು. ಎರಡು ತಿಂಗಳಿಗೆ ಕೈ ಎದೆಯ ಮೇಲೆ ಕಟ್ಟಿಕೊಂಡು ಒಂದು ಸಲ ಎದ್ದ.  "ನೋಡೋ ತಮ್ಮಾ, ಬೀರು ಹೊತ್ತವನಿಗೆ ತನ್ನ ಮೈ ಎತ್ತೋದು ಇಷ್ಟು ಕಷ್ಟ ಆಯ್ತಲ್ಲೋ!" ಎಂದ. ಇಬ್ಬರೂ ನಕ್ಕರು. ಮೂರನೆಯ ತಿಂಗಳು ಚೌಕಟ್ಟು ಹೋಗಿ ಕೋಲು ಬಂತು. ತೂಕ ಅರವತ್ತು ಮುಟ್ಟಿತು. ಊಟದ ಮೇಡಂ, ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದವನ ಮೀನಖಂಡ ಮತ್ತೆ ಅಳೆದು, "ಮಾಂಸ ಮೆಲ್ಲಗೆ ಬರುತ್ತೆ, ಬೇಗ ಹೋಗುತ್ತೆ ತಾತ. ಕಳಕೊಂಡದ್ದೆಲ್ಲ ವಾಪಸ್ ಬರಲ್ಲ. ಆದ್ರೆ ಇಷ್ಟು ಬಂತಲ್ಲ, ಬಿಡಬೇಡಿ" ಎಂದಳು.

ಆ ಮೂರು ತಿಂಗಳು ದರ್ಜಿಯ ಮನಸ್ಸಿನಲ್ಲಿ ಒಂದು ನೆಮ್ಮದಿ ಬೆಳೆಯುತ್ತ ಬಂದಿತ್ತು. ಅಣ್ಣ ತನ್ನ ಕೈಯಡುಗೆ ತಿನ್ನುತ್ತಿದ್ದಾನೆ. ಅಂದಮೇಲೆ ಹಳೆಯದೆಲ್ಲ ಕರಗಿಹೋಯಿತು ಎಂದುಕೊಂಡಿದ್ದ. ಒಮ್ಮೆ ಬಾಯಿಬಿಟ್ಟು ಕೇಳಲೂ ನೋಡಿದ್ದ. "ಅಣ್ಣಾ, ಅವತ್ತು ಒಂದು ಮಾತು ಬಂದಿತ್ತಲ್ಲ, ಅವಳು ಫೋನಲ್ಲಿ…" ಕ್ರೇನಣ್ಣ ತಟ್ಟೆಯಿಂದ ತಲೆ ಎತ್ತದೆ, "ಮೀನಿಗೆ ಉಪ್ಪು ಸ್ವಲ್ಪ ಮುಂದಾಗಿದೆ" ಎಂದಿದ್ದ. ದರ್ಜಿ ಅದನ್ನೂ ಕ್ಷಮೆಯೆಂದೇ ಎಣಿಸಿದ.

ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಗುಂಡಿ ತರಲು ಹೋದ ದರ್ಜಿ ಹಿಂತಿರುಗಿ ಬಂದಾಗ ಮಂಚ ಖಾಲಿ. ಗಾಬರಿಯಾಗಿ ಬೀದಿಗಿಳಿದರೆ, ಎದುರು ಬದಿಯಿಂದ ಕ್ರೇನಣ್ಣ ಕೋಲೂರಿಕೊಂಡು, ಸಿಗ್ನಲ್ಲಿಗೆ ಗಾಡಿಗಳು ನಿಂತಿರುವಷ್ಟರಲ್ಲೇ ರಸ್ತೆ ದಾಟಿ ಬರುತ್ತಿದ್ದ. ಬಂದವನು ಅಂಗಡಿಯ ಕುರ್ಚಿಯಲ್ಲಿ ಕುಳಿತು ಉಸಿರು ಸುಧಾರಿಸಿಕೊಂಡ.

"ಹಮಾಲರ ಸಂಘದವರು ಮುದುಕರಿಗೆ ಅಂತ ಮಾಡಿರೋ ಮನೆಗೆ ಹೋಗಿದ್ದೆ. ನಮ್ಮ ಗೋದಾಮಿನವರು ಆರು ಜನ ಅಲ್ಲೇ ಇದ್ದಾರೆ. ಒಬ್ಬಳು ಅಡುಗೆಯವಳಿದ್ದಾಳೆ. ಒಂದು ಮಂಚ ಖಾಲಿ ಇತ್ತು. ಹೇಳಿಬಂದೆ."

"ಏನು ಹೇಳಿಬಂದೆ?"

"ಬರ್ತೀನಿ ಅಂತ. ಅವರದೊಂದೇ ಷರತ್ತು, ತನ್ನ ಕಾಲ ಮೇಲೆ ತಾನು ಓಡಾಡೋನಾಗಿರಬೇಕು. ಮೆಟ್ಟಿಲು ಹತ್ತಿ ತೋರಿಸಿದೆ. ಒಪ್ಪಿದ್ರು."

ದರ್ಜಿಗೆ ಕೈಯಲ್ಲಿದ್ದ ಗುಂಡಿಯ ಪೊಟ್ಟಣ ಎಲ್ಲಿಡಬೇಕೆಂದು ತೋಚಲಿಲ್ಲ. "ಅಣ್ಣಾ, ಈಗ ತಾನೇ ಚೇತರಿಸ್ಕೊಂಡಿದ್ದೀಯ. ಇಲ್ಲಿ ಏನು ಕಡಿಮೆ ಆಯ್ತು? ಅವಳ ಮಾತು ಮನಸ್ಸಿಗೆ ಹಚ್ಕೋಬೇಡ. ನಾನು ಕ್ಷಮೆ ಕೇಳಿಸ್ತೀನಿ."

"ಅವಳದೇನಿದೆಯೋ? ಅವಳು ಬೇರೆ ಮನೆಯಿಂದ ಬಂದವಳು. ಮಾಡಿ ಮಾಡಿ ಬೇಸತ್ತು ತಂಗಿ ಹತ್ರ ಒಂದು ನಗೆಮಾತು ಆಡಿದ್ಲು. ನಾನೂ ಜಾಸ್ತೀನೇ ತಿಂತಿದ್ದೆ." ಕ್ರೇನಣ್ಣ ಕೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. "ನೀನು ನಕ್ಕೆ."

ದರ್ಜಿ ಗುಂಡಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ಅಷ್ಟೇ ಆಗಿದ್ರೆ ಬಿಡ್ತಿದ್ದೆ. ನಗು ಯಾರಿಗೆ ಬರಲ್ಲ? ಆದ್ರೆ ಮಾರನೇ ದಿನ ನಾನು ಅರ್ಧ ಊಟಕ್ಕೆ ಎದ್ದೆ, ನೀನು ನೋಡ್ದೆ. ಯಾಕೆ ಅಂತ ನಿನಗೆ ಗೊತ್ತಿತ್ತು. ಐದು ವರ್ಷ ನನ್ನ ಪ್ಯಾಂಟು ಹಿಡಿಸಿದೆಯಲ್ಲ, ಪ್ರತಿ ಸಲ ಕಾಯ್ತಿದ್ದೆ ಕಣೋ. ಈ ಸಲ ಕೇಳ್ತಾನೆ, 'ಅಣ್ಣಾ, ಕೂತ್ಕೋ, ಹೊಟ್ಟೆ ತುಂಬ ತಿನ್ನು, ಯಾರೇನಂತಾರೋ ನೋಡ್ತೀನಿ' ಅಂತಾನೆ ಅಂತ. ನೀನು ಸೂಜಿಗೆ ದಾರ ಪೋಣಿಸ್ತಿದ್ದೆ."

"ಆದ್ರೆ ಈ ಮೂರು ತಿಂಗಳು ನಾನು…"

"ಮಾಡ್ದೆ. ಅಮ್ಮನೂ ಅಷ್ಟು ಮಾಡಿರಲಿಲ್ಲ. ಅದಕ್ಕೇ ಹೋಗೋಕೆ ಆಗ್ತಿರೋದು." ಕೋಪವೇ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು. "ಶಕ್ತಿ ಇಲ್ಲದೋನು ಎಲ್ಲಿ ಇಟ್ಟರೆ ಅಲ್ಲಿ ಇರ್ತಾನೆ. ಈಗ ಏಳೋಕಾಗುತ್ತೆ, ಎದ್ದೆ. ಇಲ್ಲಿ ಕೂತ್ರೆ ನನಗೆ ಇವತ್ತಿಗೂ ಎರಡನೇ ತುತ್ತಿಗೆ ಕೈ ತಡೆಯುತ್ತೆ. ನೀನು ಎದುರಿಗಿದ್ದು ಮಾತಾಡ್ತಿದ್ದೆ ಅಂತ ತಿಂದೆ, ಅಷ್ಟೇ. ಜೀವಮಾನ ಇಡೀ ನೀನು ಹಾಗೆ ಮಾತಾಡ್ತಾ ಕೂರೋಕಾಗುತ್ತಾ?"

ಮರುದಿನವೇ ಹೋದ. ಪೆಟ್ಟಿಗೆಯನ್ನು ದರ್ಜಿ ಎತ್ತಿಕೊಂಡ. ಕ್ರೇನಣ್ಣ ಮೇಲಿನ ಮನೆಗೆ ಹನ್ನೆರಡು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು, "ಬರ್ತೀನಮ್ಮಾ, ನಿನಗೆ ತುಂಬಾ ತೊಂದರೆ ಆಯ್ತು" ಎಂದ. ಅವಳು ಸೆರಗಿನಿಂದ ಕೈ ಒರೆಸುತ್ತ, "ಹೋಗಿ ಬನ್ನಿ ಭಾವ" ಎನ್ನಲು ಹೋಗಿ, ಅರ್ಧದಲ್ಲೇ ಅತ್ತುಬಿಟ್ಟಳು. ಅವಳು ಅತ್ತದ್ದು ಪಶ್ಚಾತ್ತಾಪಕ್ಕೋ ಅವಮಾನಕ್ಕೋ ದರ್ಜಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

ಸಂಘದ ಮನೆಯ ಅಡುಗೆಯವಳಿಗೆ ದರ್ಜಿ ಎಲ್ಲವನ್ನೂ ಬರೆದುಕೊಟ್ಟು ಬಂದ: ಸಣ್ಣ ತಟ್ಟೆ, ಹಾಲಿನ ಗಂಜಿ, ಮೊದಲು ಬೇಳೆ. ಅವಳು ಓದಿ, "ಗೊತ್ತಪ್ಪ, ಇಲ್ಲಿರೋರೆಲ್ಲ ಅದೇ ವಯಸ್ಸಿನವರು. ಮೊದಮೊದಲು ಎಲ್ಲರೂ ಹಕ್ಕಿ ಹಾಗೆ ಕುಕ್ಕೋರೇ. ಪಕ್ಕದವನು ತಿನ್ನೋದು ನೋಡಿ ಕಲೀತಾರೆ" ಎಂದಳು. ಭಾನುವಾರಗಳಲ್ಲಿ ಹೋದರೆ ಕ್ರೇನಣ್ಣ ಚೆನ್ನಾಗಿಯೇ ಮಾತಾಡಿಸುತ್ತಿದ್ದ. "ಬಾರಪ್ಪ, ಕೂತ್ಕೋ, ಮನೇಲೆಲ್ಲ ಚೆನ್ನಾಗಿದ್ದೀರಾ?" ಎಂದು ನೆಂಟರನ್ನು ಕೇಳುವ ಹಾಗೆ ಕೇಳುತ್ತಿದ್ದ. ಮುಖ ತುಂಬಿಕೊಂಡಿತ್ತು. ಊಟದ ಗಂಟೆ ಹೊಡೆದರೆ ಕೋಲು ಹಿಡಿದು ಎದ್ದು, "ಬರ್ತೀನಿ ಕಣೋ, ಎಲ್ಲರೂ ಒಟ್ಟಿಗೇ ಕೂರೋದು ಇಲ್ಲಿ ರೂಢಿ" ಎಂದು ಒಳಗೆ ಹೋಗುತ್ತಿದ್ದ. ಒಳಗಿಂದ ತಟ್ಟೆಗಳ ಸದ್ದು, ಆರೇಳು ಮುದುಕರ ಗಲಾಟೆ ಕೇಳುತ್ತಿತ್ತು. ಒಂದು ದಿನವೂ ಅವನು ತಮ್ಮನನ್ನು ಊಟಕ್ಕೆ ಕರೆಯಲಿಲ್ಲ.

ಅಂಥದೊಂದು ಭಾನುವಾರ ಮಧ್ಯಾಹ್ನ ದರ್ಜಿ ಮನೆಗೆ ಬಂದು ಮೆಟ್ಟಿಲು ಹತ್ತಿದ. ಹೆಂಡತಿ ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ನಿಂತು ಏನೋ ತಿನ್ನುತ್ತಿದ್ದಳು. ಟೀ ಲೋಟ, ಅದರಲ್ಲಿ ಅದ್ದಿದ ಬ್ರೆಡ್ಡು. ನಲವತ್ತು ವರ್ಷದಲ್ಲಿ ಅವಳು ಎಲ್ಲರದಾದ ಮೇಲೆ ಏನು ತಿನ್ನುತ್ತಾಳೆಂದು ತಾನು ನೋಡಿಯೇ ಇಲ್ಲವೆಂಬುದು ಅವನಿಗೆ ಅಲ್ಲಿ ನಿಂತಾಗ ಹೊಳೆಯಿತು. ಅವಳಿಗೂ ಅರವತ್ತಾರು. ಅವಳು ನೀರಿನ ಕೊಡ ಇಳಿಸಲು ಹೋದಾಗ ಒಂದು ಕೈಗೆ ಅದು ಏಳಲಿಲ್ಲ. ಎರಡು ಕೈ ಹಾಕಿದಳು.

"ಊಟ ಮಾಡ್ಲಿಲ್ವಾ?" ಎಂದ.

"ಇದೇ ಸಾಕು. ನನಗೇನು ಹಸಿವು?"

ಅವನು ಕೆಳಗಿನಿಂದ ಸ್ಟೌವು ತರಲಿಲ್ಲ. ಮೇಲಿನ ಒಲೆಯಲ್ಲೇ ಎರಡು ಮೊಟ್ಟೆ ಬೇಯಲಿಟ್ಟ. ಬೇಳೆಯ ಪಾತ್ರೆಯ ತಳದಲ್ಲಿ ಉಳಿದ ಗಟ್ಟಿಯನ್ನು ಬಟ್ಟಲಿಗೆ ಬಗ್ಗಿಸಿದ. ಅವಳು ಕೈಕಟ್ಟಿಕೊಂಡು ನೋಡುತ್ತಿದ್ದಳು.

"ಈಗ ನನ್ನ ಸರದಿಯಾ?" ಎಂದಳು. "ನಿಮ್ಮಣ್ಣನಿಗೆ ಮಾಡೋವಾಗ ಮೂರು ತಿಂಗಳು ನಾನು ಮೇಲೆ ಒಬ್ಬಳೇ ಇದ್ದೆ. ಒಂದು ದಿನ ಬಂದು ನೀನೇನು ತಿಂದೆ ಅಂತ ಕೇಳಿದ್ರಾ? ನಾನೂ ಬಿದ್ದು ಸೊಂಟ ಮುರ್ಕೊಂಡಿದ್ರೆ ಕೇಳ್ತಿದ್ರೇನೋ."

ದರ್ಜಿ ಎರಡು ಸಣ್ಣ ತಟ್ಟೆಯಲ್ಲಿ ಹಂಚಿ, ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕುಳಿತ. ಅವಳು ಟೀ ಲೋಟ ತೊಳೆದಿಟ್ಟಳು. ಆಮೇಲೆ ಬಂದು, ಅವನಿಗೆ ಅರ್ಧ ಬೆನ್ನು ತಿರುಗಿಸಿ ಕುಳಿತು, ತಟ್ಟೆ ಹತ್ತಿರ ಎಳೆದುಕೊಂಡಳು. ತಿಂದಳು. ಅಣ್ಣನ ಎದುರು ಕೂತಾಗಿನ ಹಾಗೆ ಅವನು ಮಾತಾಡಲು ನೋಡಿದ. ಅಂಗಡಿಯ ಸುದ್ದಿ, ಗಿರಾಕಿಯ ಸುದ್ದಿ, ಯಾವುದೂ ಬಾಯಿಗೆ ಬರಲಿಲ್ಲ.